ಹಾಜರಾತಿ, ಬ್ಯಾಕ್‌ಲಾಗ್, ನಡತೆ: ವಿದ್ಯಾರ್ಥಿ ಸಂಘದ ಚುನಾವಣೆಗೆ ಯಾರು ನಿಲ್ಲಬಹುದು?

ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲುವವರಿಗೆ ಇರುವ ಷರತ್ತುಗಳನ್ನು ಬಾಯಲ್ಲಿ ಹೇಳಿದರೆ ಮೂರು ಮಾತು. ಅಟೆಂಡೆನ್ಸ್ ಶೇ. 75 ಇರಬೇಕು. ಬ್ಯಾಕ್, ಅಂದರೆ ಪಾಸಾಗದ ವಿಷಯ ಉಳಿದಿರಬಾರದು. ಶಿಸ್ತುಕ್ರಮವಾಗಲಿ, ಕ್ರಿಮಿನಲ್ ಕೇಸಾಗಲಿ ಇರಬಾರದು. ಇಷ್ಟೇ ಆಗಿದ್ದರೆ ನಾಮಪತ್ರ ಪರಿಶೀಲನೆಯ ದಿನ ಪ್ರಿನ್ಸಿಪಾಲರ ಕೋಣೆಯ ಮುಂದೆ ಅಷ್ಟೊಂದು ಜಗಳ ಯಾಕೆ ಆಗುತ್ತದೆ? ಕಾರಣ ಇದೆ. ಈ ಮೂರೂ ಷರತ್ತುಗಳಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಯಾವ ದಿನದ ಲೆಕ್ಕ, ಯಾವ ಅವಧಿಯ ಲೆಕ್ಕ ಅನ್ನುವುದನ್ನು ಅವು ಬಿಡಿಸಿ ಹೇಳುವುದಿಲ್ಲ. ಒಬ್ಬನೇ ವಿದ್ಯಾರ್ಥಿ ಒಂದು ಲೆಕ್ಕದಲ್ಲಿ ಅರ್ಹ, ಇನ್ನೊಂದು ಲೆಕ್ಕದಲ್ಲಿ ಅನರ್ಹ ಆಗಿಬಿಡುತ್ತಾನೆ.

ಈ ನಿಯಮಗಳು ಎಲ್ಲಿಂದ ಬಂದವು ಅಂತ ಮೊದಲು ನೋಡೋಣ. ಕಾಲೇಜು ಚುನಾವಣೆಗಳಲ್ಲಿ ಹಣ, ತೋಳ್ಬಲ, ಪಕ್ಷಗಳ ಕೈವಾಡ ಜಾಸ್ತಿಯಾಗಿದೆ ಅನ್ನುವ ದೂರು ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಕೋರ್ಟ್ ಹೇಳಿದಂತೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅದರ ಅಧ್ಯಕ್ಷರು. ಸಮಿತಿ 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅದನ್ನು ಕಾಲೇಜು, ವಿಶ್ವವಿದ್ಯಾಲಯಗಳು ಪಾಲಿಸಬೇಕು ಎಂದು ಅದೇ ವರ್ಷ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಇದನ್ನು ಲಘುವಾಗಿ ತೆಗೆದುಕೊಳ್ಳುವ ಹಾಗಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಚುನಾವಣೆ ಲಿಂಗ್ಡೊ ನಿಯಮಗಳ ಪ್ರಕಾರ ನಡೆಯುತ್ತಿಲ್ಲ ಎಂಬ ಕಾರಣಕ್ಕೆ 2008ರಲ್ಲಿ ತಡೆಯಾಜ್ಞೆ ಬಂತು. ಮತ್ತೆ ಅಲ್ಲಿ ಚುನಾವಣೆ ನಡೆದದ್ದು 2012ರಲ್ಲಿ.

ನಮ್ಮ ಕರ್ನಾಟಕದಲ್ಲಿ ಕಾಲೇಜುಗಳ ನೇರ ಚುನಾವಣೆ ನಿಂತು ದಶಕಗಳೇ ಆಗಿವೆ. ಕೆಲವು ಕಾಲೇಜುಗಳು ತಮ್ಮ ಮಟ್ಟಿಗೆ ಚುನಾವಣೆ ನಡೆಸುತ್ತವೆ, ಉಳಿದ ಕಡೆ ನಾಮನಿರ್ದೇಶನ. ಆದರೆ ಚುನಾವಣೆ ಮರಳಿ ಬರಬೇಕು ಅನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಬಂದರೆ ಈ ಷರತ್ತುಗಳೇ ಬರುತ್ತವೆ. ದೆಹಲಿಗೋ ಹೈದರಾಬಾದಿಗೋ ಓದಲು ಹೋಗುವ ನಮ್ಮ ಮಕ್ಕಳಿಗಂತೂ ಇವು ಈಗಲೇ ಎದುರಾಗುತ್ತವೆ.

ಲಿಂಗ್ಡೊ ವರದಿಯಲ್ಲಿ ವಯಸ್ಸಿನ ಮಿತಿಯೂ ಇದೆ. ಪದವಿಯವರಿಗೆ 17ರಿಂದ 22, ಸ್ನಾತಕೋತ್ತರದವರಿಗೆ ಗರಿಷ್ಠ 24-25, ಸಂಶೋಧನೆ ಮಾಡುವವರಿಗೆ 28. ಪದಾಧಿಕಾರಿ ಸ್ಥಾನಕ್ಕೆ ಒಂದೇ ಸಲ ನಿಲ್ಲಬಹುದು, ಕಾರ್ಯಕಾರಿ ಸದಸ್ಯ ಸ್ಥಾನಕ್ಕೆ ಎರಡು ಸಲ. ಪೂರ್ಣಾವಧಿಯ ರೆಗ್ಯುಲರ್ ವಿದ್ಯಾರ್ಥಿ ಆಗಿರಬೇಕು, ದೂರಶಿಕ್ಷಣದವರಿಗೆ ಅವಕಾಶವಿಲ್ಲ. ಇವನ್ನೆಲ್ಲ ಒಂದು ಜನನ ದಾಖಲೆಯೋ ಪ್ರವೇಶ ದಾಖಲೆಯೋ ನೋಡಿ ಹೇಳಿಬಿಡಬಹುದು. ತಕರಾರು ಹುಟ್ಟುವುದು ಉಳಿದ ಮೂರರಲ್ಲಿ.

ಹಾಜರಾತಿ: 75 ಅಂದರೆ ಯಾವುದರ 75?

ವರದಿಯ ಮಾತು ಹೀಗಿದೆ: ವಿಶ್ವವಿದ್ಯಾಲಯ ನಿಗದಿ ಮಾಡಿದ ಕನಿಷ್ಠ ಹಾಜರಾತಿ ಅಥವಾ ಶೇ. 75, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಅಭ್ಯರ್ಥಿಗೆ ಇರಬೇಕು. ಅಂದರೆ ನಿಮ್ಮ ವಿಶ್ವವಿದ್ಯಾಲಯದಲ್ಲಿ 80 ಕಡ್ಡಾಯ ಇದ್ದರೆ ನಿಮಗೂ 80. ಅಲ್ಲಿ 65 ಸಾಕು ಅಂತಿದ್ದರೂ ಚುನಾವಣೆಗೆ ನಿಲ್ಲಲು 75 ಬೇಕೇ ಬೇಕು.

ಇಲ್ಲಿ ತುಂಬಾ ಜನ ಎಡವುವುದು ಕಂಡೊನೇಷನ್ ವಿಷಯದಲ್ಲಿ. ಜ್ವರ ಬಂದು ಅಟೆಂಡೆನ್ಸ್ 68ಕ್ಕೆ ಇಳಿದಿರುತ್ತದೆ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು, ದಂಡ ಕಟ್ಟಿ, ಹಾಲ್ ಟಿಕೆಟ್ ಪಡೆದು ಪರೀಕ್ಷೆ ಬರೆದಿರುತ್ತಾರೆ. 'ಪರೀಕ್ಷೆಗೇ ಕೂರಿಸಿದ ಮೇಲೆ ಅಟೆಂಡೆನ್ಸ್ ಸರಿಹೋಯ್ತು ಅಲ್ವಾ' ಎಂದು ಕೇಳುತ್ತಾರೆ. ಸರಿಹೋಗಿಲ್ಲ. ಕಂಡೊನೇಷನ್ ಅನ್ನುವುದು ಕೊರತೆಯನ್ನು ಮನ್ನಿಸಿ ಪರೀಕ್ಷೆಗೆ ಬಿಡುವ ಅನುಮತಿ ಅಷ್ಟೇ. ರಿಜಿಸ್ಟರ್‌ನಲ್ಲಿ 68 ಇದ್ದದ್ದು 68 ಆಗಿಯೇ ಇರುತ್ತದೆ. ಚುನಾವಣೆಯ ನಿಯಮ ಕೇಳುವುದು ಆ ಅಂಕಿಯನ್ನು, ಹಾಲ್ ಟಿಕೆಟ್ ಸಿಕ್ಕಿತೋ ಇಲ್ಲವೋ ಅನ್ನುವುದನ್ನು ಕೇಳುವುದಿಲ್ಲ.

ಕ್ಯಾಂಪ್, ಪಂದ್ಯ, ಸ್ಪರ್ಧೆ ಅಂತ ಕಾಲೇಜಿನ ಪರವಾಗಿ ಹೋದ ದಿನಗಳದ್ದು ಬೇರೆ ಕಥೆ. ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆ ಇವಕ್ಕೆ ಹೋದವರಿಗೆ ಓಡಿ, ಅಂದರೆ ಆನ್ ಡ್ಯೂಟಿ ಹಾಜರಾತಿ ಕೊಡುತ್ತಾರೆ. ಸಂಘದ ಚುನಾವಣೆಗೆ ನಿಲ್ಲುವ ಹುರುಪಿನ ಹುಡುಗ ಹುಡುಗಿಯರೇ ಇವಕ್ಕೆಲ್ಲ ಜಾಸ್ತಿ ಹೋಗುವವರು. ಹಾಗಾಗಿ ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಅಂದುಕೊಳ್ಳಿ. ಐದು ವಿಷಯ, ಒಂದೊಂದಕ್ಕೆ 42 ತರಗತಿ, ಒಟ್ಟು 210 ತರಗತಿ ನಡೆದಿವೆ. ಅವಳು ಕೂತದ್ದು 153ರಲ್ಲಿ. ಸುಮ್ನೆ ಭಾಗಿಸಿದರೆ ಶೇ. 72.86. ಅನರ್ಹಳು. ಆದರೆ ಎನ್‌ಎಸ್‌ಎಸ್ ಕೆಲಸಕ್ಕೆ ಹೋಗಿದ್ದರಿಂದ ತಪ್ಪಿದ 5 ತರಗತಿಗೆ ಓಡಿ ಮಂಜೂರಾಗಿದೆ. ಇದನ್ನು ಸೇರಿಸಲು ಎರಡು ದಾರಿ ಇವೆ. ಆ 5 ತರಗತಿಗೆ ಹಾಜರಿದ್ದಳು ಅಂತ ಲೆಕ್ಕ ಹಿಡಿದರೆ 158ನ್ನು 210ರಿಂದ ಭಾಗಿಸಬೇಕು. ಶೇ. 75.24 ಬರುತ್ತದೆ. ಅರ್ಹಳು. ಆ 5 ತರಗತಿಗಳು ಅವಳ ಪಾಲಿಗೆ ನಡೆದೇ ಇಲ್ಲ ಅಂತ ಲೆಕ್ಕ ಹಿಡಿದರೆ 153ನ್ನು 205ರಿಂದ ಭಾಗಿಸಬೇಕು. ಶೇ. 74.63 ಬರುತ್ತದೆ. ಮತ್ತೆ ಅನರ್ಹಳು. ಅದೇ ಹುಡುಗಿ, ಅದೇ ಕ್ಯಾಂಪ್, ಅದೇ ಓಡಿ ಪತ್ರ. ವಿಭಾಗದ ಗುಮಾಸ್ತರು ಯಾವ ಸೂತ್ರ ಹಿಡಿದರು ಅನ್ನುವುದರ ಮೇಲೆ ಅವಳ ಹೆಸರು ಮತಪತ್ರದಲ್ಲಿ ಬರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. 74.63ನ್ನು 75 ಅಂತ ಹಿಡಿಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ಕನಿಷ್ಠ ಮಿತಿ ಅಂದಮೇಲೆ ದುಂಡಾಗಿಸುವ ಪ್ರಶ್ನೆ ಬರುವುದಿಲ್ಲ, ನಿಯಮದಲ್ಲೇ ಹಾಗೆ ಬರೆದಿದ್ದರೆ ಮಾತ್ರ ಆಗುತ್ತದೆ.

ಇನ್ನೂ ಒಂದು ತೊಡಕಿದೆ. ಇದೇ ಹುಡುಗಿ ನಾಲ್ಕು ವಿಷಯಗಳಲ್ಲಿ 168ಕ್ಕೆ 126 ತರಗತಿಗೆ ಹೋಗಿದ್ದಾಳೆ, ಸರಿಯಾಗಿ ಶೇ. 75. ಐದನೆಯ ವಿಷಯದಲ್ಲಿ ಮಾತ್ರ 42ಕ್ಕೆ 27, ಅಂದರೆ ಶೇ. 64.29. ಆ 5 ಓಡಿ ತರಗತಿಗಳು ಐದನೆಯ ವಿಷಯದವೇ ಆಗಿದ್ದು, ಅವಕ್ಕೆ ಹಾಜರಿದ್ದಳು ಅಂತ ಹಿಡಿದರೆ 42ಕ್ಕೆ 32, ಶೇ. 76.19. ಆಗ ಪಾರು. ಓಡಿ ಬೇರೆ ವಿಷಯಗಳಿಗೆ ಹಂಚಿಹೋಗಿದ್ದರೆ ಐದನೆಯದರಲ್ಲಿ ಕೊರತೆ ಹಾಗೇ ಉಳಿಯುತ್ತದೆ. ಎಲ್ಲ ವಿಷಯ ಸೇರಿಸಿ 75 ಸಾಕೋ, ಪ್ರತಿ ವಿಷಯದಲ್ಲೂ 75 ಬೇಕೋ? ಲಿಂಗ್ಡೊ ವರದಿ ಇದನ್ನು ಬಿಡಿಸಿ ಹೇಳಿಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ನಿಯಮ ಹೇಗಿದೆಯೋ ಹಾಗೆ ನೋಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಪರೀಕ್ಷೆಗೆ ವಿಷಯವಾರು ಲೆಕ್ಕ ಇದ್ದರೆ ಚುನಾವಣೆಗೂ ಅದೇ ಇರಲಿ. ಪರೀಕ್ಷೆಗೊಂದು, ಚುನಾವಣೆಗೊಂದು ಅಂತ ಎರಡು ಲೆಕ್ಕ ಇಟ್ಟರೆ ಯಾರಿಗೋ ಅನುಕೂಲ ಮಾಡಿಕೊಡಲು ಅಂತ ಜನ ಅಂದುಕೊಳ್ಳುತ್ತಾರೆ.

ಇನ್ನು ಅವಧಿ. ಶೈಕ್ಷಣಿಕ ವರ್ಷ ಶುರುವಾಗಿ 6ರಿಂದ 8 ವಾರದೊಳಗೆ ಚುನಾವಣೆ ನಡೆಯಬೇಕು ಎಂದು ವರದಿ ಹೇಳುತ್ತದೆ. ಅಷ್ಟು ಹೊತ್ತಿಗೆ ಈ ವರ್ಷದ ತರಗತಿ ಆಗಿರುವುದೇ ಕಡಿಮೆ. ಹಾಗಾಗಿ ಎರಡನೇ ವರ್ಷದಿಂದ ಮೇಲಿನವರಿಗೆ ಹಿಂದಿನ ವರ್ಷದ ಹಾಜರಾತಿ ನೋಡುವುದು ಹೆಚ್ಚು ಅರ್ಥಪೂರ್ಣ. ಹೊಸದಾಗಿ ಸೇರಿದವರಿಗೆ ಹಿಂದಿನ ವರ್ಷವೇ ಇಲ್ಲವಲ್ಲ, ಅವರದ್ದು ಈ ಕೆಲವು ವಾರಗಳ ಲೆಕ್ಕವೇ ಆಗಬೇಕು. ಅಲ್ಲೂ ಒಂದು ಅನ್ಯಾಯ ನುಸುಳುತ್ತದೆ. ವಾರಕ್ಕೆ 25 ತರಗತಿಯಂತೆ 6 ವಾರಕ್ಕೆ 150 ತರಗತಿ ಆಗಿವೆ. ಕೌನ್ಸೆಲಿಂಗ್‌ನ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕಿದ ಹುಡುಗ ಎರಡು ವಾರ ತಡವಾಗಿ ಸೇರಿದ. ಸೇರಿದ ಮೇಲಿನ 100 ತರಗತಿಯಲ್ಲಿ 92ಕ್ಕೆ ಹೋಗಿದ್ದಾನೆ. ಪ್ರವೇಶದ ದಿನದಿಂದ ಲೆಕ್ಕ ಹಾಕಿದರೆ ಶೇ. 92. ತರಗತಿ ಶುರುವಾದ ದಿನದಿಂದ ಹಾಕಿದರೆ ಶೇ. 61.33. ಅವನು ಆ ಎರಡು ವಾರ ಕಾಲೇಜಿನ ವಿದ್ಯಾರ್ಥಿಯೇ ಆಗಿರಲಿಲ್ಲ. ಅಧಿಸೂಚನೆಯಲ್ಲಿ 'ಪ್ರವೇಶ ಪಡೆದ ದಿನದಿಂದ' ಎಂಬ ಮೂರು ಪದ ಇಲ್ಲದಿದ್ದರೆ ಇಂಥವರು ಸುಮ್ಮನೆ ಹೊರಗೆ ಉಳಿಯುತ್ತಾರೆ.

ಬ್ಯಾಕ್‌ಲಾಗ್: 'ಆ ವರ್ಷ' ಅಂದರೆ ಯಾವ ದಿನ?

ಅಂಕಗಳ ಬಗ್ಗೆ ಲಿಂಗ್ಡೊ ಸಮಿತಿ ಒಂದು ಒಳ್ಳೆಯ ತೀರ್ಮಾನ ಮಾಡಿತು. ಇಂತಿಷ್ಟು ಅಂಕ ಇರಲೇಬೇಕು ಅಂತ ಮಿತಿ ಹಾಕಲಿಲ್ಲ. 40 ತೆಗೆದು ಪಾಸಾದವರೂ 95 ತೆಗೆದವರೂ ಇಲ್ಲಿ ಒಂದೇ. ಆದರೆ ಸ್ಪರ್ಧಿಸುವ ವರ್ಷದಲ್ಲಿ ಯಾವ ಕಾರಣಕ್ಕೂ ಪಾಸಾಗದೆ ಬಾಕಿ ಉಳಿದ ವಿಷಯ ಇರಕೂಡದು ಎಂದಿತು.

ಮುಂದಿನ ವರ್ಷಕ್ಕೆ ಬಡ್ತಿ ಸಿಕ್ಕರೆ ಈ ಷರತ್ತು ದಾಟಿದಂತೆ ಆಗುವುದಿಲ್ಲ. ಕ್ಯಾರಿ ಓವರ್ ಪದ್ಧತಿಯಲ್ಲಿ ಎರಡು ಮೂರು ವಿಷಯ ಉಳಿಸಿಕೊಂಡೇ ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು. ಆದರೂ ಅವು ಬಾಕಿಯೇ. ಬಾಕಿ ಅನ್ನುವುದರಲ್ಲಿ ಫೇಲಾದದ್ದು ಮಾತ್ರ ಬರುವುದಿಲ್ಲ. ಪರೀಕ್ಷೆಗೆ ಗೈರಾದದ್ದು, ಅಟೆಂಡೆನ್ಸ್ ಶಾರ್ಟೇಜ್‌ನಿಂದ ಹಾಲ್ ಟಿಕೆಟ್ ಸಿಗದೆ ಹೋದದ್ದು, ಲ್ಯಾಬ್ ಪರೀಕ್ಷೆ ಉಳಿದದ್ದು ಎಲ್ಲವೂ ಬರುತ್ತವೆ. ಪರಿಸರ ಅಧ್ಯಯನದಂಥ ಕಡ್ಡಾಯ ವಿಷಯವನ್ನು ಒಟ್ಟು ಅಂಕಕ್ಕೆ ಸೇರಿಸದ ಕಡೆ ವಿದ್ಯಾರ್ಥಿಗಳು ಅದನ್ನು ಮರೆತೇಬಿಡುತ್ತಾರೆ. ಪಾಸಾಗಿರದಿದ್ದರೆ ಅದೂ ಬಾಕಿಯೇ.

ಈಗ ದಿನಾಂಕದ ತೊಡಕಿಗೆ ಬರೋಣ. ಒಬ್ಬ ವಿದ್ಯಾರ್ಥಿ ಮೇ ತಿಂಗಳಲ್ಲಿ ನಾಲ್ಕನೇ ಸೆಮಿಸ್ಟರ್ ಬರೆದ. ಜುಲೈನಲ್ಲಿ ಫಲಿತಾಂಶ ಬಂತು, ಒಂದು ಸಬ್ಜೆಕ್ಟ್ ಹೋಗಿತ್ತು. ಆಗಸ್ಟ್‌ನಲ್ಲಿ ಪೂರಕ ಪರೀಕ್ಷೆ ಬರೆದ, ಚೆನ್ನಾಗಿಯೇ ಬರೆದ. ಸೆಪ್ಟೆಂಬರ್ 4 ನಾಮಪತ್ರಕ್ಕೆ ಕೊನೆ ದಿನ, 5ಕ್ಕೆ ಪರಿಶೀಲನೆ, 12ಕ್ಕೆ ಮತದಾನ. ಪೂರಕ ಪರೀಕ್ಷೆಯ ಫಲಿತಾಂಶ ಬಂದದ್ದು 9ಕ್ಕೆ. ಪಾಸ್! ಆದರೆ 5ನೇ ತಾರೀಕು ಚುನಾವಣಾಧಿಕಾರಿಯ ಮೇಜಿನ ಮೇಲಿದ್ದ ಮಾರ್ಕ್ಸ್ ಕಾರ್ಡ್‌ನಲ್ಲಿ ಆ ವಿಷಯದ ಮುಂದೆ 'ಎಫ್' ಇತ್ತು. ನಾಮಪತ್ರ ತಿರಸ್ಕಾರವಾಯಿತು.

ಇದು ಸರಿಯೇ? ನಿಯಮವನ್ನು ಮೂರು ಬಗೆಯಲ್ಲಿ ಓದಬಹುದು. ಪರಿಶೀಲನೆಯ ದಿನ ಬಾಕಿ ಇರಬಾರದು ಅಂತ ಓದಿದರೆ ತಿರಸ್ಕಾರ ಸರಿ. ಮತದಾನದ ದಿನಕ್ಕೆ ಇರಬಾರದು ಅಂತ ಓದಿದರೆ ಅವನು ಅರ್ಹ. ಇನ್ನೂ ಬಿಗಿಯಾಗಿ, ಆ ಶೈಕ್ಷಣಿಕ ವರ್ಷದಲ್ಲಿ ಒಂದು ದಿನವೂ ಬಾಕಿ ಇದ್ದಿರಬಾರದು ಅಂತ ಓದಿದರೆ, ಫಲಿತಾಂಶ ಸೆಪ್ಟೆಂಬರ್ 1ಕ್ಕೇ ಬಂದಿದ್ದರೂ ಅವನು ಅನರ್ಹ. ಆಡಳಿತದ ಕೈಗೆ ಒಂದು ದಿನಾಂಕ ಬೇಕೇ ಬೇಕು, ಇಲ್ಲದಿದ್ದರೆ ಚುನಾವಣೆ ಮುಂದೆ ಸಾಗುವುದಿಲ್ಲ. ಆ ದಿನಾಂಕ ಪರಿಶೀಲನೆಯ ದಿನ ಆಗಿರಲಿ. ಎಲ್ಲರಿಗೂ ಒಂದೇ ಗೆರೆ ಸಿಗುತ್ತದೆ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸವೂ ಆಗಬೇಕು. ಪೂರಕ ಪರೀಕ್ಷೆ ಬರೆದವರ ಫಲಿತಾಂಶ ಕೊಡುವ ಮೊದಲು ಚುನಾವಣೆಯ ವೇಳಾಪಟ್ಟಿ ಹೊರಡಿಸಬಾರದು. ಪರೀಕ್ಷಾ ವಿಭಾಗದ ತಡವನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ಮರುಮೌಲ್ಯಮಾಪನದ ಫಲಿತಾಂಶ ಸ್ವಲ್ಪ ಬೇರೆ. ಪೂರಕ ಪರೀಕ್ಷೆಯಲ್ಲಿ ಪಾಸಾದರೆ ಆಗಸ್ಟ್ ಪರೀಕ್ಷೆಯಲ್ಲಿ ಪಾಸಾದಂತೆ. ಮರುಮೌಲ್ಯಮಾಪನದಲ್ಲಿ ಅಂಕ ಏರಿ ಪಾಸಾದರೆ ಮೇ ತಿಂಗಳ ಅದೇ ಪರೀಕ್ಷೆಯಲ್ಲಿ ಪಾಸಾದಂತೆ. ಹಳೆಯ ಮಾರ್ಕ್ಸ್ ಕಾರ್ಡ್ ಹಿಂದಕ್ಕೆ ಹೋಗಿ ಹೊಸದು ಬರುತ್ತದೆ. ಅಂದರೆ ಮೌಲ್ಯಮಾಪಕರ ತಪ್ಪಿನಿಂದ ಬಾಕಿ ಅಂತ ಕಂಡಿತ್ತೇ ಹೊರತು ಬಾಕಿ ಇರಲೇ ಇಲ್ಲ. ಇಂಥವರ ವಿಷಯದಲ್ಲಿ 'ಆ ವರ್ಷ ಬಾಕಿ ಇತ್ತು' ಅನ್ನುವ ಬಿಗಿ ಓದು ನಿಲ್ಲಬಾರದು. ಈ ವ್ಯತ್ಯಾಸ ಗೊತ್ತಿದ್ದ ಅಭ್ಯರ್ಥಿ ಮರುಮೌಲ್ಯಮಾಪನದ ಆದೇಶದ ಪ್ರತಿಯನ್ನು ನಾಮಪತ್ರದ ಜೊತೆಗೇ ಲಗತ್ತಿಸುತ್ತಾನೆ. ಗೊತ್ತಿಲ್ಲದವನು ಹಳೆಯ ಕಾರ್ಡನ್ನೇ ಕೊಟ್ಟು ಬರುತ್ತಾನೆ.

ಫಲಿತಾಂಶ ತಡೆಹಿಡಿದವರದ್ದು ಇನ್ನೊಂದು ಗುಂಪು. ಶುಲ್ಕ ಬಾಕಿ ಅಂತಲೋ, ದಾಖಲೆ ಕೊಟ್ಟಿಲ್ಲ ಅಂತಲೋ ತಡೆದಿದ್ದರೆ ಅದು ಫೇಲ್ ಅಲ್ಲ, ಪಾಸೂ ಅಲ್ಲ. ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಆದರೆ ಪರೀಕ್ಷೆಯಲ್ಲಿ ಮಾಲ್‌ಪ್ರಾಕ್ಟೀಸ್ ಅಂತ ತಡೆದಿದ್ದರೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಆ ಪತ್ರಿಕೆ ರದ್ದಾದರೆ ಬ್ಯಾಕ್ ಆಗುತ್ತದೆ. ರದ್ದು ಮಾಡಿದ ಆದೇಶವನ್ನೇ ಶಿಸ್ತುಕ್ರಮ ಅಂತಲೂ ಹಿಡಿಯಬಹುದು. ಬ್ಯಾಕ್ ಮುಂದೆ ಕ್ಲಿಯರ್ ಆಗಬಹುದು, ಶಿಸ್ತುಕ್ರಮದ ಕಡತ ಹಾಗೇ ಉಳಿಯುತ್ತದೆ.

ನಡತೆ: ಶಾಸಕರಿಗಿಂತ ಬಿಗಿ ನಿಯಮ

ಮೂರರಲ್ಲಿ ನನಗೆ ಅತಿ ಹೆಚ್ಚು ಚಿಂತೆ ತರುವುದು ಈ ಷರತ್ತು. ವರದಿ ಇಲ್ಲಿ ಎರಡು ಮಾತು ಹೇಳುತ್ತದೆ. ಅಭ್ಯರ್ಥಿ ಯಾವುದೇ ಅಪರಾಧಕ್ಕಾಗಿ ವಿಚಾರಣೆಗೆ ಒಳಗಾಗಿರಬಾರದು ಅಥವಾ ಶಿಕ್ಷೆಗೆ ಗುರಿಯಾಗಿರಬಾರದು. ವಿಶ್ವವಿದ್ಯಾಲಯದ ಆಡಳಿತದಿಂದ ಯಾವುದೇ ಶಿಸ್ತುಕ್ರಮಕ್ಕೂ ಒಳಗಾಗಿರಬಾರದು.

ಮೊದಲನೆಯದನ್ನು ನಿಧಾನವಾಗಿ ಓದಿ. 'ವಿಚಾರಣೆ' ಅಂದರೆ ಇಲ್ಲಿ ಕೋರ್ಟಿನ ವಿಚಾರಣೆ. ಠಾಣೆಗೆ ಕರೆಸಿ ಪ್ರಶ್ನೆ ಕೇಳಿದ್ದು ವಿಚಾರಣೆ ಆಗುವುದಿಲ್ಲ. ಎಫ್‌ಐಆರ್ ದಾಖಲಾದ ಮಾತ್ರಕ್ಕೂ ಆಗುವುದಿಲ್ಲ. ಎಫ್‌ಐಆರ್ ಆದಮೇಲೆ ತನಿಖೆ, ಆಮೇಲೆ ಆರೋಪಪಟ್ಟಿ, ಆಮೇಲೆ ನ್ಯಾಯಾಧೀಶರು ಆರೋಪ ಹೊರಿಸುವುದು. ಗಂಭೀರ ಪ್ರಕರಣಗಳಲ್ಲಿ ವಿಚಾರಣೆ ಶುರುವಾಗುವುದು ಆರೋಪ ಹೊರಿಸಿದ ಮೇಲೆಯೇ. ಪ್ರತಿಭಟನೆಯಲ್ಲಿ ಕೂತಿದ್ದಕ್ಕೆ ಹತ್ತು ಜನರ ಮೇಲೆ ಎಫ್‌ಐಆರ್ ಆಗಿದೆ, ತನಿಖೆ ಇನ್ನೂ ಮುಗಿದಿಲ್ಲ ಅಂದರೆ ನಿಯಮದ ಅಕ್ಷರದ ಪ್ರಕಾರ ಅವರು ಅನರ್ಹರಲ್ಲ. 'ಇವರ ಮೇಲೆ ಕೇಸಿದೆ' ಎಂದು ಎದುರಾಳಿ ಎಫ್‌ಐಆರ್ ಪ್ರತಿ ತಂದುಕೊಟ್ಟರೆ ಚುನಾವಣಾಧಿಕಾರಿ ಕೇಳಬೇಕಾದ ಪ್ರಶ್ನೆ ಒಂದೇ: ಕೋರ್ಟಿನಲ್ಲಿ ವಿಚಾರಣೆ ಶುರುವಾಗಿದೆಯೇ?

ಆದರೆ ಅದೇ ಅಕ್ಷರ ಇನ್ನೊಂದು ಕಡೆ ಕ್ರೂರವಾಗುತ್ತದೆ. ವಿಚಾರಣೆ ನಡೆದು, ಈತ ನಿರಪರಾಧಿ ಅಂತ ಕೋರ್ಟು ಬಿಡುಗಡೆ ಮಾಡಿದ್ದರೂ, 'ವಿಚಾರಣೆಗೆ ಒಳಗಾದವನು' ಅನ್ನುವ ಮಾತು ಅವನಿಗೆ ಅನ್ವಯಿಸುತ್ತದೆ. ದೇಶದ ಸಂಸತ್ತಿಗೆ, ವಿಧಾನಸಭೆಗೆ ನಿಲ್ಲುವವರ ನಿಯಮ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಂನಲ್ಲಿದೆ. ಅಲ್ಲಿ ಅಪರಾಧ ಸಾಬೀತಾಗಬೇಕು. ಕೆಲವು ನಿರ್ದಿಷ್ಟ ಅಪರಾಧಗಳನ್ನು ಬಿಟ್ಟರೆ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯೂ ಆಗಿರಬೇಕು. ವಿಚಾರಣೆ ನಡೆಯುತ್ತಿರುವವರು ಶಾಸಕರಾಗಬಹುದು, ಮಂತ್ರಿಯೂ ಆಗಬಹುದು. 20 ವರ್ಷದ ಹುಡುಗಿ ಕಾಲೇಜು ಸಂಘದ ಕಾರ್ಯದರ್ಶಿ ಆಗುವಂತಿಲ್ಲ. ಕ್ಯಾಂಪಸ್ಸಿನಿಂದ ಗೂಂಡಾಗಿರಿ ದೂರ ಇಡುವ ಉದ್ದೇಶ ನನಗೂ ಒಪ್ಪಿಗೆ. ಆದರೆ ಕೋರ್ಟೇ ನಿರಪರಾಧಿ ಅಂದವರನ್ನು ಹೊರಗಿಡುವುದರಿಂದ ಆ ಉದ್ದೇಶಕ್ಕೆ ಏನು ಸಿಗುತ್ತದೆ?

ಹದಿನೆಂಟು ತುಂಬುವ ಮೊದಲು ನಡೆದ ಘಟನೆ ಇದ್ದರೆ ಇನ್ನೊಂದು ಕಾನೂನು ನೆರವಿಗೆ ಬರುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ, ಬಾಲನ್ಯಾಯ ವ್ಯವಸ್ಥೆಯಡಿ ತೀರ್ಮಾನವಾದ ತಪ್ಪಿನಿಂದ ಯಾವ ಅನರ್ಹತೆಯೂ ತಗಲಬಾರದು. ಘೋರ ಅಪರಾಧಕ್ಕಾಗಿ 16 ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡಿದ್ದರೆ ಮಾತ್ರ ಬೇರೆ. ಪಿಯುಸಿ ದಿನಗಳ ಪ್ರಕರಣ ಹಿಡಿದು ಯಾರಾದರೂ ಆಕ್ಷೇಪ ಎತ್ತಿದರೆ ಈ ಕಲಂ ತೋರಿಸಬಹುದು.

ಶಿಸ್ತುಕ್ರಮದ ಮಾತಿನಲ್ಲಿ ಗೊಂದಲ ಇನ್ನೂ ಜಾಸ್ತಿ. 'ಯಾವುದೇ ಶಿಸ್ತುಕ್ರಮ' ಅಂತಷ್ಟೇ ಇದೆ. ಎಷ್ಟು ವರ್ಷ ಹಿಂದಿನದು, ಎಷ್ಟು ದೊಡ್ಡದು ಅನ್ನುವ ಮಿತಿ ಇಲ್ಲ. ಹಾಸ್ಟೆಲ್‌ಗೆ ರಾತ್ರಿ ತಡವಾಗಿ ಬಂದದ್ದಕ್ಕೆ ವಾರ್ಡನ್ ಹಾಕಿದ 200 ರೂಪಾಯಿ ದಂಡವೂ ಶಿಸ್ತುಕ್ರಮವೇ? ಮೊದಲ ವರ್ಷದಲ್ಲಿ ಕೊಟ್ಟ ಎಚ್ಚರಿಕೆ ಪತ್ರ ಕೊನೆಯ ವರ್ಷದಲ್ಲೂ ಅಡ್ಡ ಬರಬೇಕೇ?

ಇಲ್ಲಿ ಹಿಡಿಯಬೇಕಾದ ಎಳೆ ಒಂದಿದೆ. ಶಿಸ್ತುಕ್ರಮ ಅಂದರೆ ಒಂದು ತೀರ್ಮಾನ. ದೂರು ಬರಬೇಕು, ವಿದ್ಯಾರ್ಥಿಗೆ ನೋಟಿಸ್ ಹೋಗಬೇಕು, ಉತ್ತರ ಕೊಡಲು ಅವಕಾಶ ಸಿಗಬೇಕು, ಆಮೇಲೆ ಅಧಿಕಾರ ಇರುವವರು ಲಿಖಿತ ಆದೇಶ ಹೊರಡಿಸಬೇಕು. ಕಾರಣ ಕೇಳಿ ಕೊಟ್ಟ ನೋಟಿಸ್ ಮೊದಲ ಮೆಟ್ಟಿಲು ಮಾತ್ರ. ಅದಕ್ಕೆ ಉತ್ತರ ಕೊಟ್ಟು ಕಡತ ಅಲ್ಲೇ ನಿಂತಿದ್ದರೆ ಕ್ರಮ ಆಗಿಲ್ಲ. ಅಧ್ಯಾಪಕರು ಬಾಯಲ್ಲಿ ಬೈದದ್ದು ಕ್ರಮ ಅಲ್ಲ. ಅಪ್ಪ ಅಮ್ಮನನ್ನು ಕರೆಸಿ ಮಾತಾಡಿದ್ದೂ ಅಲ್ಲ. ಕಷ್ಟ ಇರುವುದು ತನಿಖೆ ಮುಗಿಯುವವರೆಗೆ ಅಮಾನತು ಮಾಡಿದ ಪ್ರಕರಣದಲ್ಲಿ. ತನಿಖೆಯಲ್ಲಿ ತಪ್ಪಿಲ್ಲ ಅಂತಾದರೂ ಅಮಾನತು ಆಗಿದ್ದಂತೂ ಹೌದು. ಇದನ್ನು ಶಿಕ್ಷೆ ಅಂತ ಲೆಕ್ಕಿಸಬಾರದು ಎಂದು ಸಂಘದ ನಿಯಮಾವಳಿಯಲ್ಲೇ ಬರೆದಿಟ್ಟರೆ ಒಳ್ಳೆಯದು.

ಚುನಾವಣೆ ಹತ್ತಿರ ಬಂದಾಗ ಒಂದು ಲಕ್ಷಣ ಗಮನಿಸಿ. ಆದೇಶದ ದಿನಾಂಕ ಅಧಿಸೂಚನೆಯ ಹಿಂದೆಮುಂದೆ ಇದ್ದು, ನೋಟಿಸ್ ಕೊಟ್ಟ ದಾಖಲೆ ಇಲ್ಲದೆ, ವಿದ್ಯಾರ್ಥಿಯ ಸಹಿಯೂ ಇಲ್ಲದೆ ಒಂದು ಎಚ್ಚರಿಕೆ ಪತ್ರ ಕಡತದಲ್ಲಿ ದಿಢೀರನೆ ಕಾಣಿಸಿಕೊಂಡರೆ ಅದನ್ನು ಪ್ರಶ್ನಿಸಲೇಬೇಕು. ಪತ್ರ ರವಾನೆಯಾದ ನಮೂದು, ಕಡತದ ಪುಟಸಂಖ್ಯೆ, ಶಿಸ್ತು ಸಮಿತಿಯ ನಡಾವಳಿ ಕೇಳಿದರೆ ಅದು ನಿಜವಾದ ಕ್ರಮವೋ ಅಲ್ಲವೋ ಗೊತ್ತಾಗುತ್ತದೆ.

ಈ ಷರತ್ತಿನ ಬಲ ಎಷ್ಟು ಅನ್ನುವುದಕ್ಕೆ ದೆಹಲಿ ವಿಶ್ವವಿದ್ಯಾಲಯದ 2017ರ ಚುನಾವಣೆ ನೋಡಿ. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೊಬ್ಬರ ನಾಮಪತ್ರ ಕಾಲೇಜಿನ ಶಿಸ್ತುಕ್ರಮದ ಕಾರಣಕ್ಕೆ ತಿರಸ್ಕಾರವಾಯಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು, ಕೋರ್ಟಿನ ಅನುಮತಿಯ ಮೇಲೆ ನಿಂತರು, ಗೆದ್ದರು. 2018ರ ಜುಲೈನಲ್ಲಿ ಅದೇ ಹೈಕೋರ್ಟ್ ಅವರ ಆಯ್ಕೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಅವಧಿ ಹೆಚ್ಚೂಕಡಿಮೆ ಮುಗಿದೇ ಹೋಗಿತ್ತು. ಕೋರ್ಟಿನಿಂದ ಮಧ್ಯಂತರ ಆದೇಶ ಸಿಕ್ಕಿದರೆ ನಿಲ್ಲಬಹುದು ಹೊರತು ಅರ್ಹತೆಯ ಪ್ರಶ್ನೆ ತೀರಿದಂತೆ ಅಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ. ಮತ ಹಾಕಿದವರಿಗೂ ಇದು ನಷ್ಟವೇ.

ಮೂರು ಪತ್ರ, ಹತ್ತು ದಿನ

ನಾಮಪತ್ರ ಸಲ್ಲಿಕೆಯಿಂದ ಫಲಿತಾಂಶದವರೆಗೆ ಇಡೀ ಪ್ರಕ್ರಿಯೆ 10 ದಿನ ಮೀರಬಾರದು ಎಂದು ಲಿಂಗ್ಡೊ ವರದಿ ಹೇಳುತ್ತದೆ. ಪ್ರಚಾರದ ಗದ್ದಲ ಕಡಿಮೆ ಮಾಡಲು ಇದು ಒಳ್ಳೆಯದೇ. ಆದರೆ ದಾಖಲೆ ಸರಿಪಡಿಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೂ ಉತ್ತರಕ್ಕೆ 30 ದಿನದ ಗಡುವು ಇರುತ್ತದೆ. ಅಷ್ಟರಲ್ಲಿ ಗೆದ್ದವರ ಮೆರವಣಿಗೆಯೂ ಮುಗಿದಿರುತ್ತದೆ.

ಹಾಗಾಗಿ ನಿಲ್ಲುವ ಮನಸ್ಸಿರುವವರು ಅಧಿಸೂಚನೆಗೆ ಕಾಯಬಾರದು. ತರಗತಿ ಶುರುವಾದ ಎರಡು ಮೂರು ವಾರದಲ್ಲೇ ಎಚ್‌ಒಡಿ ಹತ್ತಿರ ಹೋಗಿ ಹಿಂದಿನ ವರ್ಷದ ಹಾಜರಾತಿ ಪತ್ರ ಕೇಳಿ. ಬರೀ 'ಶೇ. 75ಕ್ಕಿಂತ ಹೆಚ್ಚು' ಅಂತ ಬರೆಸಿಕೊಳ್ಳಬೇಡಿ. ನಡೆದ ತರಗತಿ ಎಷ್ಟು, ಹಾಜರಾದದ್ದು ಎಷ್ಟು, ಓಡಿ ಎಷ್ಟು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಇವಿಷ್ಟೂ ಬರಲಿ. ಓಡಿ ಮಂಜೂರಾದ ಪತ್ರದ ಪ್ರತಿ ಜೊತೆಗಿರಲಿ. ಪರೀಕ್ಷಾ ವಿಭಾಗದಿಂದ ಯಾವ ವಿಷಯವೂ ಬಾಕಿ ಇಲ್ಲ ಅನ್ನುವ ಪತ್ರ ಪಡೆಯಿರಿ, ಅದರಲ್ಲೂ ದಿನಾಂಕ ಇರಲಿ. ನಡತೆಯ ಬಗ್ಗೆ ಪ್ರಿನ್ಸಿಪಾಲರ ಕಚೇರಿಯಿಂದ ಪತ್ರ ಕೇಳಿ. ಕಡತದಲ್ಲಿ ಏನಾದರೂ ಇದ್ದರೆ ಆಗಲೇ ಗೊತ್ತಾಗುತ್ತದೆ, ಮೇಲ್ಮನವಿ ಹಾಕಲು ಸಮಯ ಇರುತ್ತದೆ. ಏನನ್ನೂ ಮುಚ್ಚಿಡಬೇಡಿ. ಸ್ವಯಂ ಘೋಷಣೆಯಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ಆ ಸುಳ್ಳೇ ಹೊಸ ಶಿಸ್ತುಕ್ರಮಕ್ಕೆ ಕಾರಣವಾಗುತ್ತದೆ. ಮುಂದಿನ ವರ್ಷ ನಿಲ್ಲುವ ದಾರಿಯೂ ಮುಚ್ಚುತ್ತದೆ.

ನಾಮಪತ್ರ ತಿರಸ್ಕಾರವಾದರೆ ಮೊದಲು ಕಾರಣವನ್ನು ಬರಹದಲ್ಲಿ ಕೇಳಿ. 'ಅರ್ಹತೆ ಇಲ್ಲ' ಅಂದರೆ ಸಾಲದು. ಯಾವ ಷರತ್ತು, ಯಾವ ದಾಖಲೆ, ಯಾವ ಅಂಕಿ ಅನ್ನುವುದು ಬೇಕು. ಮೇಲೆ ಹೇಳಿದ ಹುಡುಗಿಗೆ '74.63' ಎಂದು ಬರೆದುಕೊಟ್ಟರೆ ಅವಳು ತಕ್ಷಣ 205ರಿಂದ ಭಾಗಿಸಿದ್ದಾರೆ ಅಂತ ಹಿಡಿದು, ಪರೀಕ್ಷೆಗೆ ಯಾವ ಸೂತ್ರ ಬಳಸಿದ್ದಿರಿ ಎಂದು ಕೇಳಬಹುದು. ಅಂಕಿಯೇ ಕೊಡದಿದ್ದರೆ ಕೇಳಲು ಏನೂ ಇರುವುದಿಲ್ಲ.

ದೂರು ಹೋಗಬೇಕಾದ ಜಾಗ ಕುಂದುಕೊರತೆ ಪರಿಹಾರ ಘಟಕ. ವಿದ್ಯಾರ್ಥಿ ಕ್ಷೇಮಪಾಲನೆಯ ಡೀನ್ ಅಥವಾ ವಿದ್ಯಾರ್ಥಿ ವ್ಯವಹಾರ ನೋಡುವ ಅಧ್ಯಾಪಕರು ಅದರ ಅಧ್ಯಕ್ಷರು. ಒಬ್ಬ ಹಿರಿಯ ಅಧ್ಯಾಪಕರು, ಒಬ್ಬ ಹಿರಿಯ ಆಡಳಿತಾಧಿಕಾರಿ, ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ವಿದ್ಯಾರ್ಥಿನಿ ಅದರಲ್ಲಿರುತ್ತಾರೆ. ದೂರಿಗೆ ನಿಮ್ಮ ಹೆಸರು ಹಾಕಬೇಕು, ಅನಾಮಧೇಯ ದೂರು ನಡೆಯುವುದಿಲ್ಲ. ಘಟಕದ ತೀರ್ಮಾನದ ಮೇಲೆ ಸಂಸ್ಥೆಯ ಮುಖ್ಯಸ್ಥರಿಗೆ ಮೇಲ್ಮನವಿ ಹೋಗಬಹುದು.

ಇನ್ನು ಗೆದ್ದವರ ವಿಷಯ. ಫಲಿತಾಂಶ ಬಂದಮೇಲೂ 3 ವಾರದವರೆಗೆ ದೂರು ಕೊಡಲು ಅವಕಾಶವಿದೆ. ಹಾಗಾಗಿ ಆ ಮೂರು ಪತ್ರಗಳ ಮೂಲಪ್ರತಿಯನ್ನು ಕಚೇರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಸ್ವೀಕೃತಿ ಮುದ್ರೆ ಹಾಕಿಸಿದ ಒಂದೊಂದು ನಕಲು ನಿಮ್ಮ ಹತ್ತಿರವೂ ಇರಲಿ. ಸೋತವರು ಹಾಜರಾತಿಯ ಪ್ರಶ್ನೆ ಎತ್ತಿದಾಗ ರಿಜಿಸ್ಟರ್ ಬೇರೆ ಕೊಠಡಿಗೆ ಹೋಗಿರಬಹುದು, ಎಚ್‌ಒಡಿ ಬದಲಾಗಿರಬಹುದು. ಆಗ ಎಷ್ಟಕ್ಕೆ ಎಷ್ಟು ತರಗತಿ ಅಂತ ಹೇಳಲು ಉಳಿಯುವುದು ಆ ನಕಲು ಮಾತ್ರ.